ಒಂದು ಮಿಡಿ, ಎರಡು ಹಪ್ಪಳ, ಮೂರು ಚಮಚ ಪುಡಿ: ಉಪ್ಪೆಷ್ಟು, ಎಣ್ಣೆಯೆಷ್ಟು?

ಪ್ರಶ್ನೆ: ನಾವು ಮುಲುಂಡ್‌ನಲ್ಲಿದ್ದೇವೆ. ತಿಂಗಳಿಗೊಮ್ಮೆ ಮಾಟುಂಗಾಕ್ಕೆ ಹೋಗಿ ಮಿಡಿ ಉಪ್ಪಿನಕಾಯಿ, ಉದ್ದಿನ ಹಪ್ಪಳ, ಶೇಂಗಾ ಚಟ್ನಿಪುಡಿ ತರುತ್ತೇವೆ. ಮಾವನವರಿಗೆ 69 ವರ್ಷ, ಬಿಪಿ ಇದೆ. ಉಪ್ಪು, ಎಣ್ಣೆ ಎರಡೂ ಇಳಿಸಿ ಅಂತ ಡಾಕ್ಟರು ಹೇಳಿದ್ದಾರೆ. ಅವರಿಗೆ ಮಧ್ಯಾಹ್ನ ಒಂದು ಮಿಡಿ, ಎರಡು ಕರಿದ ಹಪ್ಪಳ, ರೊಟ್ಟಿಗೆ ಎಣ್ಣೆ ಕಲಸಿದ ಚಟ್ನಿಪುಡಿ ಬೇಕೇ ಬೇಕು. ಪೊಟ್ಟಣದ ಹಿಂದಿನ ಅಂಕಿ ನನಗೆ ಅರ್ಥವಾಗುವುದಿಲ್ಲ. ಅಂಗಡಿಯಲ್ಲಿ ಯಾವುದನ್ನು ಆರಿಸಲಿ?

ಉತ್ತರ: ಉಪ್ಪು ಕಡಿಮೆ ಇರುವುದನ್ನು ಹುಡುಕಬೇಕಾದ್ದು ಚಟ್ನಿಪುಡಿಯಲ್ಲಿ. ಉಪ್ಪಿನಕಾಯಿಯಲ್ಲಿ ಹುಡುಕಲು ಹೋಗಬೇಡಿ. ಅಲ್ಲಿ ಅಳತೆ ಇಳಿಸುವುದೇ ಮುಖ್ಯ ದಾರಿ. ಹಪ್ಪಳದಲ್ಲಿ ಪೊಟ್ಟಣಕ್ಕಿಂತ ನಿಮ್ಮ ಒಲೆಯ ಮೇಲೆ ನಡೆಯುವುದೇ ದೊಡ್ಡ ವಿಷಯ. ಇದಕ್ಕೆ ಕಾರಣ ಇದೆ. ಅದು ತಿಳಿದರೆ ಯಾವ ಅಂಗಡಿಗೆ ಹೋದರೂ ನೀವೇ ಆರಿಸಬಹುದು.

ಈ ಮೂರರಲ್ಲೂ ಉಪ್ಪು ಇದೆ, ಆದರೆ ಅದು ಮಾಡುವ ಕೆಲಸ ಬೇರೆ ಬೇರೆ. ಉಪ್ಪಿನಕಾಯಿಯಲ್ಲಿ ಉಪ್ಪು ಕಾವಲುಗಾರ. ಕಾಯಿ ಕೊಳೆಯದಂತೆ, ಬೂಷ್ಟು ಹಿಡಿಯದಂತೆ ತಿಂಗಳುಗಟ್ಟಲೆ ಕಾಯುವುದು ಅದೇ. ಅದನ್ನು ತೆಗೆದರೆ ಆ ಜಾಗಕ್ಕೆ ವಿನೆಗರ್, ಸಕ್ಕರೆ ಅಥವಾ ಇನ್ನೊಂದು ಬರಲೇಬೇಕು. ಹಪ್ಪಳದಲ್ಲಿ ಉಪ್ಪಿನ ಜೊತೆಗೆ ಹಪ್ಪಳಖಾರ ಸೇರಿ ಹಿಟ್ಟನ್ನು ಹದಕ್ಕೆ ತರುತ್ತವೆ, ಬೆಂಕಿ ತಗುಲಿದಾಗ ಹಪ್ಪಳ ಅರಳುವಂತೆ ಮಾಡುತ್ತವೆ. ಅಲ್ಲಿ ಸ್ವಲ್ಪ ಇಳಿಸಬಹುದು, ಜಾಸ್ತಿ ಆಗದು. ಚಟ್ನಿಪುಡಿಯಲ್ಲಿ ಮಾತ್ರ ಉಪ್ಪಿಗೆ ರುಚಿ ಬಿಟ್ಟರೆ ಹೆಚ್ಚಿನ ಕೆಲಸವಿಲ್ಲ. ಹುರಿದು ಪುಡಿ ಮಾಡಿದ್ದು, ನೀರಿನ ಪಸೆ ಇಲ್ಲ. ಉಪ್ಪು ಅರ್ಧ ಮಾಡಿದರೂ, ಪೂರ್ತಿ ಬಿಟ್ಟರೂ ಪುಡಿ ಅಷ್ಟೇ ದಿನ ಇರುತ್ತದೆ.

ಈಗ ಪೊಟ್ಟಣದ ಹಿಂದಿನ ಅಂಕಿಗೆ ಬರೋಣ. ಅಲ್ಲಿ ಉಪ್ಪು ಎಂಬ ಸಾಲು ಸಾಮಾನ್ಯವಾಗಿ ಇರುವುದಿಲ್ಲ. ಸೋಡಿಯಂ ಎಂದು ಇರುತ್ತದೆ, ಮಿಲಿಗ್ರಾಂನಲ್ಲಿ. ಒಂದೇ ಒಂದು ಸಂಖ್ಯೆ ನೆನಪಿಡಿ: 400. ಸುಮಾರು 400 ಮಿಲಿಗ್ರಾಂ ಸೋಡಿಯಂ ಅಂದರೆ 1 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ, ಅಂದರೆ 2000 ಮಿಲಿಗ್ರಾಂ ಸೋಡಿಯಂ. ನಮ್ಮ ಪೊಟ್ಟಣಗಳ ಮೇಲಿನ ಶೇಕಡಾ ಲೆಕ್ಕವೂ ಇದೇ 2000ವನ್ನು ಇಟ್ಟುಕೊಂಡು ಹಾಕಿದ್ದು. 5 ಗ್ರಾಂ ಅಂದರೆ ಒಂದು ಚಿಕ್ಕ ಚಮಚ, ಗೀಟಿಗೆ ಸರಿಯಾಗಿ. ಸಾರು, ಪಲ್ಯ, ರೊಟ್ಟಿ, ಬಿಸ್ಕತ್ತು, ಬ್ರೆಡ್ಡು ಎಲ್ಲವೂ ಸೇರಿ ಇಷ್ಟೇ.

ಪಟ್ಟಿಯಲ್ಲಿ ಎರಡು ಬಗೆಯ ಲೆಕ್ಕ ಕಾಣುತ್ತದೆ. ಒಂದು 100 ಗ್ರಾಂಗೆ, ಇನ್ನೊಂದು ಒಂದು ಸಲ ಬಡಿಸುವ ಅಳತೆಗೆ. ಎರಡನೆಯದನ್ನು ನೋಡಿ ಸಮಾಧಾನಪಡಬೇಡಿ. ಒಂದು ಸಲಕ್ಕೆ ಎಷ್ಟು ಎಂದು ಗೊತ್ತುಮಾಡುವುದು ತಯಾರಿಸಿದವರು. ಅವರು 5 ಗ್ರಾಂ ಎಂದು ಬರೆದಿದ್ದರೆ ಅಂಕಿ ಚಿಕ್ಕದಾಗಿ ಕಾಣುತ್ತದೆ, ಆದರೆ ನಿಮ್ಮ ಮಾವನವರ ತಟ್ಟೆಗೆ ಬೀಳುವುದು 5 ಗ್ರಾಂ ಅಲ್ಲ. ಅಂಗಡಿಯಲ್ಲಿ ಎರಡು ಪೊಟ್ಟಣ ಹೋಲಿಸುವಾಗ ಯಾವತ್ತೂ 100 ಗ್ರಾಂ ಸಾಲನ್ನೇ ನೋಡಿ. ಮನೆಗೆ ಬಂದ ಮೇಲೆ ನಿಮ್ಮ ಚಮಚವನ್ನು ಒಮ್ಮೆ ತೂಗಿ. ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ಒಂದೇ ಸಲ ತೂಗಿದರೆ ಆಯಿತು, ಆಮೇಲೆ ಕಣ್ಣಿಗೆ ಅಳತೆ ಸಿಕ್ಕಿಬಿಡುತ್ತದೆ.

ಮೊದಲು ಮಿಡಿ. ಅದರಲ್ಲಿ ಎಣ್ಣೆ ಇಲ್ಲ, ಇದ್ದರೂ ಒಗ್ಗರಣೆಯಷ್ಟು. ಅದಕ್ಕೇ ಅದು ಆರೋಗ್ಯಕ್ಕೆ ಒಳ್ಳೆಯದು ಎಂಬ ಮಾತು ನಮ್ಮವರಲ್ಲಿದೆ. ಆದರೆ ಎಣ್ಣೆಯ ಕಾವಲು ಇಲ್ಲದ ಕಡೆ ಉಪ್ಪೇ ಎಲ್ಲ ಭಾರ ಹೊರಬೇಕು. ಲೇಬಲ್ ಮೇಲೆ 100 ಗ್ರಾಂಗೆ 6000 ಮಿಲಿಗ್ರಾಂ ಸೋಡಿಯಂ ಎಂದಿದೆ ಎಂದುಕೊಳ್ಳಿ. 400ರಿಂದ ಭಾಗಿಸಿ. 100 ಗ್ರಾಂ ಉಪ್ಪಿನಕಾಯಿಯಲ್ಲಿ 15 ಗ್ರಾಂ ಉಪ್ಪು. ಒಂದು ಮಿಡಿ ರಸ ಸೇರಿ 12 ಗ್ರಾಂ ತೂಗಿದರೆ ಅದರಲ್ಲಿ 720 ಮಿಲಿಗ್ರಾಂ ಸೋಡಿಯಂ, ಅಂದರೆ 1.8 ಗ್ರಾಂ ಉಪ್ಪು. ದಿನದ ಪಾಲಿನಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಒಂದೇ ಮಿಡಿಯಲ್ಲಿ ಹೋಯಿತು.

ಹಾಗಾದರೆ ಎಣ್ಣೆಯ ಮಾವಿನಕಾಯಿ ಉಪ್ಪಿನಕಾಯಿ ವಾಸಿಯೇ? ಉಪ್ಪಿನ ಮಟ್ಟಿಗೆ ಕೆಲವೊಮ್ಮೆ ಹೌದು. ಎಣ್ಣೆ ಮೇಲೆ ನಿಂತು ಗಾಳಿ ತಡೆಯುವುದರಿಂದ ಉಪ್ಪು ತುಸು ಕಡಿಮೆ ಇದ್ದರೂ ನಡೆಯುತ್ತದೆ. ಇಲ್ಲಿ ತುಂಬ ಜನ ಒಂದು ತಪ್ಪು ಮಾಡುತ್ತಾರೆ. ಹೋಳನ್ನು ಮೇಲೆತ್ತಿ ಎಣ್ಣೆ ಸೋರಿಸಿ ಹಾಕಿಕೊಂಡು, ಉಪ್ಪೂ ಹೋಯಿತು ಎಂದುಕೊಳ್ಳುತ್ತಾರೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಅದು ಹೋಳಿನ ಒಳಗೆ, ಮಸಾಲೆಯ ಒಳಗೆ ಇರುತ್ತದೆ. ಸೋರಿಸಿದರೆ ಎಣ್ಣೆ ಇಳಿಯುತ್ತದೆ, ಉಪ್ಪು ಹಾಗೇ ಉಳಿಯುತ್ತದೆ. ಎಣ್ಣೆಗಾಗಿ ಸೋರಿಸುವುದು ಒಳ್ಳೆಯದೇ, ಆದರೆ ಬಿಪಿಗೆ ಅದರಿಂದ ಲಾಭವಿಲ್ಲ.

ಮಿಡಿಗೆ ಬೇರೆ ದಾರಿ ಇದೆ. ಕರಾವಳಿಯವರು ಉಪ್ಪುನೀರಲ್ಲಿಟ್ಟ ಹಲಸಿನ ಸೊಳೆಯನ್ನು ನೀರಲ್ಲಿ ನೆನೆಸಿ, ಹಿಂಡಿ, ಆಮೇಲೆ ಅಡುಗೆಗೆ ಬಳಸುತ್ತಾರಲ್ಲ, ಅದೇ ರೀತಿ. ಇಲ್ಲಿ ಗೋವಾದವರೂ ಉಪ್ಪುನೀರಿನ ಮಾವಿನಕಾಯಿ ಹಾಕುತ್ತಾರೆ. ಅಂಥ ಕಾಯಿಗೆಲ್ಲ ಇದು ಸಲ್ಲುತ್ತದೆ. ಮೂರು ದಿನಕ್ಕೆ ಬೇಕಾದಷ್ಟು ಮಿಡಿಯನ್ನು ಹೊರಗೆ ತೆಗೆದು, ಸೀಳಿ, ಕುದಿಸಿ ಆರಿಸಿದ ನೀರಲ್ಲಿ ಅರ್ಧ ಗಂಟೆ ಇಡಿ. ನೀರು ಚೆಲ್ಲಿ, ಮಿಡಿಯನ್ನು ಚಿಕ್ಕ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಇಡೀ ಭರಣಿಗೆ ನೀರು ಹಾಕಬೇಡಿ. ಕಾವಲು ತೆಗೆದ ಕಾಯಿ ಮುಂಬೈಯ ಸೆಕೆಯಲ್ಲಿ ಬೇಗ ಕೆಡುತ್ತದೆ. ನೆನೆಸಿದಾಗ ಎಷ್ಟು ಉಪ್ಪು ಹೋಯಿತು ಎಂದು ಮನೆಯಲ್ಲಿ ಅಳೆಯಲಾಗದು. ಹಾಗಾಗಿ ಲೆಕ್ಕ ಹಾಕುವಾಗ ಪೂರ್ತಿ ಉಪ್ಪು ಇದೆ ಎಂದೇ ಹಿಡಿಯಿರಿ. ಹೋದದ್ದು ಲಾಭ.

ಇನ್ನು "ಕಡಿಮೆ ಉಪ್ಪು" ಎಂದೇ ಬರೆದು ಮಾರುವ ಉಪ್ಪಿನಕಾಯಿ. ಅದನ್ನು ಕೈಗೆತ್ತಿಕೊಂಡಾಗ ಕೇಳಬೇಕಾದ ಪ್ರಶ್ನೆ ಒಂದೇ: ಉಪ್ಪಿನ ಜಾಗಕ್ಕೆ ಏನು ಬಂದಿದೆ? ಸಿಹಿ ನಿಂಬೆ ಅಥವಾ ಗುಜರಾತಿಗಳ ಛುಂದೋ ಆದರೆ ಸಕ್ಕರೆ ಬಂದಿದೆ. ಮಾವನವರಿಗೆ ಶುಗರ್ ಕೂಡ ಇದ್ದರೆ ಅದು ಬೇಡ. ವಿನೆಗರ್ ಬಂದಿದ್ದರೆ ಒಳ್ಳೆಯದು, ಹುಳಿ ಹೊಟ್ಟೆಗೆ ಒಗ್ಗುವುದಾದರೆ. ಸೋಡಿಯಂ ಬೆಂಜೊಯೇಟ್ ಎಂದು ಕಂಡರೆ ಗಾಬರಿಯಾಗಬೇಡಿ. ಹೆಸರಲ್ಲಿ ಸೋಡಿಯಂ ಇದೆ ನಿಜ, ಆದರೆ ಅದನ್ನು ಹಾಕುವ ಪ್ರಮಾಣ ಎಷ್ಟು ಚಿಕ್ಕದೆಂದರೆ ಒಂದು ಚಮಚ ಉಪ್ಪಿನಕಾಯಿಯಲ್ಲಿ ಅದರಿಂದ ಬರುವ ಸೋಡಿಯಂ ಒಂದು ಮಿಲಿಗ್ರಾಂ ಕೂಡ ಆಗುವುದಿಲ್ಲ. ಎದುರಿಗೆ ದೊಡ್ಡದಾಗಿ "ಪ್ರಿಸರ್ವೇಟಿವ್ ಇಲ್ಲ" ಎಂದು ಬರೆದಿದ್ದರೆ ನಾನು ಮೊದಲು ಹಿಂದೆ ತಿರುಗಿಸಿ ಸೋಡಿಯಂ ನೋಡುತ್ತೇನೆ. ಬೇರೆ ಕಾವಲು ಇಲ್ಲ ಎಂದರೆ ಉಪ್ಪೋ ಎಣ್ಣೆಯೋ ಜಾಸ್ತಿ ಇರಬೇಕು, ಅಲ್ವಾ? ಸೈಂಧವ ಲವಣ ಹಾಕಿದ್ದು ಎಂಬುದಕ್ಕೂ ಮರುಳಾಗಬೇಡಿ. ಅದೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್.

ಕಡಿಮೆ ಉಪ್ಪಿನದು ತಂದರೆ ಚಿಕ್ಕ ಬಾಟಲಿಯೇ ತನ್ನಿ, ತೆರೆದ ದಿನದಿಂದ ಫ್ರಿಜ್ಜಿನಲ್ಲಿಡಿ, ಒಣ ಚಮಚ ಹಾಕಿ. ನಾನೇ ಒಂದು ಜುಲೈನಲ್ಲಿ ಅಂಥ ನಿಂಬೆ ಉಪ್ಪಿನಕಾಯಿಯ ದೊಡ್ಡ ಜಾಡಿ ತಂದು ಊಟದ ಮೇಜಿನ ಮೇಲೆ ಇಟ್ಟಿದ್ದೆ. ಫ್ರಿಜ್ಜಿನಲ್ಲಿಡಿ ಎಂದು ಅದರ ಮೇಲೆ ಎಲ್ಲೂ ಬರೆದಿರಲಿಲ್ಲ. ಮೂರನೇ ವಾರಕ್ಕೆ ಅಂಚಿನಲ್ಲಿ ಬಿಳಿ ಬೂಷ್ಟು ಬಂತು. ಮೇಲಿನದನ್ನು ತೆಗೆದು ಕೆಳಗಿನದನ್ನು ತಿನ್ನೋಣ ಎಂದು ಮನೆಯಲ್ಲಿ ಹೇಳಿದರು. ಹಾಗೆ ಮಾಡಬಾರದು. ಬೂಷ್ಟಿನ ಬೇರು ಕಣ್ಣಿಗೆ ಕಾಣದೆ ಒಳಗಿಳಿದಿರುತ್ತದೆ. ಪೂರ್ತಿ ಚೆಲ್ಲಿದೆ.

ಹಪ್ಪಳಕ್ಕೆ ಬರೋಣ. ಉದ್ದಿನ ಹಪ್ಪಳದ ಪಟ್ಟಿಯಲ್ಲಿ ಉಪ್ಪು ಎಂದು ಒಂದು ಕಡೆ ಇರುತ್ತದೆ. ಇನ್ನೊಂದು ಕಡೆ ಪಾಪಡ್ ಖಾರ್, ಸೋಡಿಯಂ ಕಾರ್ಬೊನೇಟ್, ಸೋಡಿಯಂ ಬೈಕಾರ್ಬೊನೇಟ್ ಅಥವಾ ಐಎನ್‌ಎಸ್ 500 ಎಂದು ಇರುತ್ತದೆ. ಇವೆಲ್ಲ ಆ ಹಪ್ಪಳಖಾರದ ಬೇರೆ ಬೇರೆ ಹೆಸರುಗಳು. ಸೋಡಿಯಂ ಕಾರ್ಬೊನೇಟ್‌ನಲ್ಲಿ ತೂಕಕ್ಕೆ ತೂಕ ನೋಡಿದರೆ ಉಪ್ಪಿನಷ್ಟೇ, ಅದಕ್ಕಿಂತ ತುಸು ಜಾಸ್ತಿಯೇ ಸೋಡಿಯಂ ಇದೆ. ಆದರೆ ನಾಲಿಗೆಗೆ ಅದು ಉಪ್ಪಾಗಿ ತಿಳಿಯುವುದಿಲ್ಲ. ಆದ್ದರಿಂದ ಹಪ್ಪಳದ ಉಪ್ಪನ್ನು ರುಚಿ ನೋಡಿ ಹೇಳಲಾಗದು. ಸೋಡಿಯಂ ಅಂಕಿಯಲ್ಲಿ ಎರಡೂ ಸೇರಿರುತ್ತವೆ, ಅದನ್ನೇ ನಂಬಿ.

ಉದ್ದಿನ ಹಪ್ಪಳದಲ್ಲಿ 100 ಗ್ರಾಂಗೆ 2000 ಮಿಲಿಗ್ರಾಂ ಆಸುಪಾಸು ಸೋಡಿಯಂ ಕಾಣುವುದು ಸಾಮಾನ್ಯ. ಒಂದು ಹಪ್ಪಳ ಎಷ್ಟು ತೂಕ ಎಂದು ತಿಳಿಯಲು ತಕ್ಕಡಿಯೂ ಬೇಡ. ಪೊಟ್ಟಣದ ತೂಕವನ್ನು ಹಪ್ಪಳದ ಸಂಖ್ಯೆಯಿಂದ ಭಾಗಿಸಿ. 200 ಗ್ರಾಂ ಪೊಟ್ಟಣದಲ್ಲಿ 16 ಇದ್ದರೆ ಒಂದೊಂದು ಹನ್ನೆರಡೂವರೆ ಗ್ರಾಂ. ಅಂದರೆ ಒಂದು ಹಪ್ಪಳಕ್ಕೆ 250 ಮಿಲಿಗ್ರಾಂ ಸೋಡಿಯಂ. ಸುಟ್ಟರೂ ಅಷ್ಟೇ, ಕರಿದರೂ ಅಷ್ಟೇ. ಇದನ್ನು ಇಳಿಸಲು ಚಿಕ್ಕ ಹಪ್ಪಳದ ಪೊಟ್ಟಣ ಆರಿಸಿ. ಎರಡು ಚಿಕ್ಕದು ತಿಂದರೆ ಎರಡು ತಿಂದ ತೃಪ್ತಿ ಇರುತ್ತದೆ, ತೂಕದಲ್ಲಿ ಒಂದು ದೊಡ್ಡದರಷ್ಟು ಆಗುತ್ತದೆ.

ಎಣ್ಣೆಯ ಕಥೆ ಮಾತ್ರ ಪೂರ್ತಿ ನಿಮ್ಮ ಕೈಯಲ್ಲಿದೆ. ಪೊಟ್ಟಣದ ಮೇಲೆ ಕೊಬ್ಬು ತುಂಬ ಕಡಿಮೆ ಎಂದು ಇರುತ್ತದೆ. ಅದು ಹಸಿ ಹಪ್ಪಳದ ಲೆಕ್ಕ. ಕರಿದಾಗ ಎಷ್ಟು ಎಣ್ಣೆ ಹೀರಿತು ಎಂದು ನೋಡಲು ಕರಿಯುವ ಮುಂಚೆ, ಕರಿದ ಮೇಲೆ ತೂಗಿದರೆ ಸಾಕು ಎಂದು ಅನಿಸುತ್ತದೆ. ಸಾಲದು. ಹಸಿ ಹಪ್ಪಳದಲ್ಲಿ ನೀರಿನ ಪಸೆ ಇರುತ್ತದೆ, ಒಂದು ಹಪ್ಪಳಕ್ಕೆ ಸುಮಾರು ಒಂದೂವರೆ ಗ್ರಾಂ. ಬಾಣಲೆಯಲ್ಲಿ ಸೊಂಯ್ ಎಂದು ಹೋಗುವುದು ಅದೇ. ಆದ್ದರಿಂದ ತೂಕ 3 ಗ್ರಾಂ ಏರಿದ್ದರೆ ಒಳಗೆ ಹೋದ ಎಣ್ಣೆ ಮೂರಲ್ಲ, ನಾಲ್ಕೂವರೆ ಗ್ರಾಂ. ಒಂದು ಹಪ್ಪಳಕ್ಕೆ ಒಂದು ಚಿಕ್ಕ ಚಮಚ ಎಣ್ಣೆ. ಎಣ್ಣೆ ಸರಿಯಾಗಿ ಕಾಯದೆ ಹಾಕಿದರೆ ಇನ್ನೂ ಜಾಸ್ತಿ. ಅರಳಲು ತಡಮಾಡಿದ ಹಪ್ಪಳ, ಮುರಿದಾಗ ಬೆರಳಿಗೆ ಜಿಡ್ಡು ಹತ್ತುವ ಹಪ್ಪಳ, ಎರಡೂ ಎಣ್ಣೆ ಕುಡಿದಿವೆ ಎಂದೇ ಅರ್ಥ. ಉದ್ದಿನದು ಒಲೆಯ ಉರಿಯ ಮೇಲೆ ಚೆನ್ನಾಗಿ ಸುಡುತ್ತದೆ, ಅದಕ್ಕೆ ಕರಿಯುವ ಅಗತ್ಯವೇ ಇಲ್ಲ. ಅಕ್ಕಿ ಸಂಡಿಗೆ, ಇಲ್ಲಿಯವರ ಕುರುಡಿ ಮುಂತಾದವು ಉರಿಯ ಮೇಲೆ ಸರಿಯಾಗಿ ಅರಳುವುದಿಲ್ಲ. ಮಾವನವರಿಗಾಗಿ ತರುವುದಾದರೆ ಅವನ್ನು ಹಬ್ಬಕ್ಕೆ ಇಟ್ಟುಕೊಳ್ಳಿ. ಮಜ್ಜಿಗೆ ಮೆಣಸು ಇವೆಲ್ಲಕ್ಕಿಂತ ಉಪ್ಪು, ಅದನ್ನು ಸದ್ಯಕ್ಕೆ ಬಿಡಿ.

ಈಗ ನನಗೆ ಹೆಚ್ಚು ಹೇಳಬೇಕು ಎನಿಸುವ ವಿಷಯ, ಚಟ್ನಿಪುಡಿ. ಇಲ್ಲಿ ಆಯ್ಕೆಗೆ ನಿಜವಾದ ಜಾಗ ಇದೆ. ಅಕ್ಕಪಕ್ಕದ ಎರಡು ಪೊಟ್ಟಣಗಳಲ್ಲಿ ಒಂದರ ಸೋಡಿಯಂ ಇನ್ನೊಂದರ ಅರ್ಧ ಇರಬಹುದು. ಯಾಕೆಂದರೆ ಉಪ್ಪನ್ನು ಅವರವರ ಕೈರುಚಿಗೆ ಹಾಕಿರುತ್ತಾರೆ. 100 ಗ್ರಾಂಗೆ 1200ರ ಒಳಗೆ ಸಿಕ್ಕಿದರೆ ಖುಷಿಯಿಂದ ತನ್ನಿ. 2400 ದಾಟಿದ್ದನ್ನು ಬಿಟ್ಟುಬಿಡಿ.

ಕೊಬ್ಬಿನ ಅಂಕಿಯನ್ನು ಮಾತ್ರ ಸ್ವಲ್ಪ ಯೋಚಿಸಿ ಓದಬೇಕು. ಶೇಂಗಾ ಪುಡಿಯಲ್ಲಿ 100 ಗ್ರಾಂಗೆ 38 ಗ್ರಾಂ ಕೊಬ್ಬು ಎಂದು ಕಂಡು ಹೌಹಾರುವವರಿದ್ದಾರೆ. ಶೇಂಗಾದಲ್ಲೇ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ ಇದೆ. ಸೋಲಾಪುರದ ಚಟ್ನಿ ಕೈಗೆ ಎಣ್ಣೆ ಹತ್ತುವಂತೆ ಇರುವುದು ಕುಟ್ಟಿದಾಗ ಶೇಂಗಾ ತನ್ನ ಎಣ್ಣೆಯನ್ನೇ ಬಿಡುವುದರಿಂದ. ಇದು ಕಾಳಿನ ಎಣ್ಣೆ. ಕಾಳಿನ ನಾರು, ಪ್ರೋಟೀನ್ ಜೊತೆಗೇ ಬರುತ್ತದೆ. ಅಗಸೆ, ಗುರೆಳ್ಳು, ಎಳ್ಳಿನ ಪುಡಿಗೂ ಇದೇ ಮಾತು. ಅವುಗಳಲ್ಲಿ ಕೊಬ್ಬಿನ ಅಂಕಿ ದೊಡ್ಡದಿರುವುದು ಸಹಜ. ನೋಡಬೇಕಾದ್ದು ಬೇರೆ. ಪದಾರ್ಥಗಳ ಪಟ್ಟಿಯಲ್ಲಿ ಎಣ್ಣೆ ಎಂದು ಬೇರೆಯಾಗಿ ಬರೆದಿದೆಯೇ, ಯಾವ ಎಣ್ಣೆ, ಎಷ್ಟನೇ ಜಾಗದಲ್ಲಿದೆ? ಪಟ್ಟಿಯಲ್ಲಿ ತೂಕದಲ್ಲಿ ಹೆಚ್ಚಿರುವುದು ಮೊದಲು ಬರುತ್ತದೆ. ಎರಡನೇ ಮೂರನೇ ಜಾಗದಲ್ಲೇ ಪಾಮೋಲಿನ್ ಬಂದಿದ್ದರೆ ಆ ಪುಡಿ ನಮಗೆ ಬೇಡ. ಒಣಕೊಬ್ಬರಿ ಮೊದಲ ಜಾಗದಲ್ಲಿರುವ ಪುಡಿಯನ್ನೂ ಅಪರೂಪಕ್ಕೆ ಇಟ್ಟುಕೊಳ್ಳಿ. ಕೊಬ್ಬರಿಯಲ್ಲಿ ಎಣ್ಣೆ ಶೇಂಗಾಕ್ಕಿಂತ ಜಾಸ್ತಿ, ಅದರ ಬಹುಪಾಲು ಸ್ಯಾಚುರೇಟೆಡ್ ಕೊಬ್ಬು. ಎಣ್ಣೆ ತೀರಾ ಕಡಿಮೆ ಬೇಕೆಂದರೆ ಪುಟಾಣಿ ಪುಡಿ ಇದೆ. ಹುರಿಗಡಲೆಯಲ್ಲಿ ಕೊಬ್ಬು ಆರೇಳು ಗ್ರಾಂ ಮಾತ್ರ.

ಮಾಟುಂಗಾದಲ್ಲಿ, ಡೊಂಬಿವಲಿಯಲ್ಲಿ ಮನೆಯಲ್ಲೇ ಪುಡಿ ಮಾಡಿ ಮಾರುವ ಹೆಂಗಸರಿದ್ದಾರೆ. ಅವರ ಪೊಟ್ಟಣದ ಮೇಲೆ ಅಂಕಿಗಳ ಪಟ್ಟಿ ಇಲ್ಲದೆಯೂ ಇರಬಹುದು. ಆದರೆ ಅದಕ್ಕಿಂತ ಒಳ್ಳೆಯ ಸೌಲಭ್ಯ ಒಂದಿದೆ, ಮಾಡಿದವರನ್ನೇ ಕೇಳಬಹುದು. "ಒಂದು ಕಿಲೋ ಪುಡಿಗೆ ಎಷ್ಟು ಉಪ್ಪು ಹಾಕ್ತೀರಿ ಅಕ್ಕಾ?" ಎಂದರೆ ಸಾಕು. 60 ಗ್ರಾಂ ಎಂದರೆ 100 ಗ್ರಾಂಗೆ 6 ಗ್ರಾಂ ಉಪ್ಪು, ಅಂದರೆ 2400 ಮಿಲಿಗ್ರಾಂ ಸೋಡಿಯಂ. ಅಲ್ಲೇ 30 ಗ್ರಾಂ ಹಾಕಿ ಮಾಡಿಕೊಡಿ ಎಂದು ಹೇಳಿ. ನನ್ನ ಹತ್ತಿರ ಬರುವ ಹಲವು ಮನೆಯವರು ಹೀಗೇ ಮಾಡಿಸಿಕೊಳ್ಳುತ್ತಾರೆ. ಉಪ್ಪು ಇಳಿಸಿದಾಗ ಹುಣಸೆ, ಬೆಳ್ಳುಳ್ಳಿ, ಜೀರಿಗೆ ಚೂರು ಜಾಸ್ತಿ ಹಾಕಲು ಹೇಳಿ. ಹುಳಿ ಮತ್ತು ಘಮ ಎದ್ದು ನಿಂತರೆ ಉಪ್ಪಿನ ಕೊರತೆ ಅಷ್ಟಾಗಿ ತಿಳಿಯದು.

ಈಗಾಗಲೇ ಉಪ್ಪು ಜಾಸ್ತಿ ಇರುವ ಪುಡಿ ಮನೆಯಲ್ಲಿದ್ದರೆ ಎಸೆಯಬೇಡಿ. ಅಷ್ಟೇ ತೂಕದ ಪುಟಾಣಿಯನ್ನು ಉಪ್ಪಿಲ್ಲದೆ ಪುಡಿ ಮಾಡಿ ಬೆರೆಸಿ, ಒಂದು ಚಿಟಿಕೆ ಅಚ್ಚಖಾರದ ಪುಡಿ ಸೇರಿಸಿ. ಉಪ್ಪು ಅರ್ಧವಾಯಿತು. ಶೇಂಗಾ ಪುಡಿಯಾದರೆ 38 ಗ್ರಾಂ ಕೊಬ್ಬು 22ರ ಹತ್ತಿರ ಇಳಿಯುತ್ತದೆ. ಒಂದೇ ಎಚ್ಚರಿಕೆ: ಶೇಂಗಾ, ಅಗಸೆ ಪುಡಿಗಳು ಉಪ್ಪಿಲ್ಲದ್ದರಿಂದ ಕೆಡುವುದಿಲ್ಲ, ಹಳತಾಗಿ ಕಮಟು ಹಿಡಿದು ಕೆಡುತ್ತವೆ. ಕೊನೆಯ ದಿನಾಂಕಕ್ಕಿಂತ ತಯಾರಾದ ದಿನಾಂಕ ನೋಡಿ, ಒಂದು ತಿಂಗಳೊಳಗಿನದು ತನ್ನಿ. ಬಾಯಿಗೆ ಹಾಕಿದಾಗ ಹಳೆಯ ಬಣ್ಣದ ಡಬ್ಬಿಯಂಥ ವಾಸನೆ, ಕೊನೆಗೆ ಕಹಿ ಬಂದರೆ ಅದನ್ನು ತಿನ್ನಬಾರದು.

ಪುಡಿಗೆ ಎಣ್ಣೆ ಸುರಿದುಕೊಳ್ಳುವುದು ಬೇರೆ ವಿಷಯ. ಊಟದ ದೊಡ್ಡ ಚಮಚದಲ್ಲಿ ಒಂದು ಸಲ ಹಾಕಿದರೆ 13 ಗ್ರಾಂ ಎಣ್ಣೆ. ಪುಡಿಯೊಳಗಿನ ಕೊಬ್ಬಿಗಿಂತ ಎರಡು ಪಟ್ಟು ಮೇಲಿಂದ ಬಿತ್ತು. ಧಾರವಾಡ ಕಡೆ ಶೇಂಗಾ ಚಟ್ನಿಗೆ ಗಟ್ಟಿ ಮೊಸರು ಹಾಕಿ ರೊಟ್ಟಿ ತಿನ್ನುವುದು ಇದ್ದೇ ಇದೆ. ಮಾವನವರಿಗೆ ಅದನ್ನೇ ಮುಂದೆ ಮಾಡಿ. ತಿಂಗಳಿಗೊಮ್ಮೆ ಎಣ್ಣೆಯೇ ಬೇಕೆಂದರೆ ಚಿಕ್ಕ ಚಮಚದಲ್ಲಿ ಹಾಕಿ.

ಈಗ ಮಾವನವರ ಮಧ್ಯಾಹ್ನದ ತಟ್ಟೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಮಿಡಿಯಿಂದ 720 ಮಿಲಿಗ್ರಾಂ ಸೋಡಿಯಂ. ಎರಡು ಹಪ್ಪಳದಿಂದ 500. ಚಟ್ನಿಪುಡಿ ಚಿಕ್ಕ ಚಮಚದಲ್ಲಿ ಮೂರು, ಅಂದರೆ 15 ಗ್ರಾಂ, 2400ರ ಪುಡಿಯಾದರೆ 360. ಒಟ್ಟು 1580. ಸುಮಾರು 4 ಗ್ರಾಂ ಉಪ್ಪು. ಸಾರಿಗೆ, ಪಲ್ಯಕ್ಕೆ, ರಾತ್ರಿಯ ಊಟಕ್ಕೆ ಉಳಿದದ್ದು ಒಂದು ಗ್ರಾಂ. ಎಣ್ಣೆ ನೋಡಿದರೆ ಹಪ್ಪಳದಿಂದ 9, ಪುಡಿಯಿಂದ 6ರ ಹತ್ತಿರ, ಮೇಲೆ ಸುರಿದದ್ದು 13. ಎಲ್ಲ ಸೇರಿ 28 ಗ್ರಾಂ. ಇಡೀ ದಿನದ ಅಡುಗೆಗೆ ಒಬ್ಬರಿಗೆ ನಾಲ್ಕೈದು ಚಿಕ್ಕ ಚಮಚ ಎಣ್ಣೆ ಸಾಕು ಎಂದು ನಾನು ಹೇಳುತ್ತೇನೆ. ಇಲ್ಲಿ ಒಗ್ಗರಣೆಗೆ ಮೊದಲೇ ಆರು ಚಮಚದಷ್ಟು ಆಗಿಹೋಗಿದೆ.

ಅದೇ ತಟ್ಟೆಯನ್ನು ಬದಲಿಸಿ. ಮಿಡಿಯನ್ನು ಸೀಳಿ ಕಾಲು ಭಾಗ ಬಡಿಸಿ, ಮೊಸರನ್ನಕ್ಕೆ ಮಾತ್ರ. ಅದು 180. ಸುಟ್ಟ ಹಪ್ಪಳ ಒಂದು, 250. ಅರ್ಧ ಉಪ್ಪಿನ ಪುಡಿ ಎರಡು ಚಮಚ, ಮೊಸರಿನ ಜೊತೆ, 120. ಒಟ್ಟು 550, ಒಂದೂವರೆ ಗ್ರಾಂ ಉಪ್ಪೂ ಇಲ್ಲ. ಪುಡಿಗೆ ಪುಟಾಣಿ ಬೆರೆಸಿದ್ದರೆ ಎಣ್ಣೆ ಎರಡು ಮೂರು ಗ್ರಾಂ. ಒಂದು ಪದಾರ್ಥವನ್ನೂ ಬಿಡಿಸಿಲ್ಲ ಎಂಬುದನ್ನು ಮಾವನವರಿಗೆ ತೋರಿಸಿ, ಒಪ್ಪುತ್ತಾರೆ. ಹಪ್ಪಳ ಇರುವ ದಿನ ಮಿಡಿ ಇಲ್ಲ ಎಂದು ಮಾಡಿಕೊಂಡರೆ ಇನ್ನೂ ಒಳ್ಳೆಯದು. ಆದರೆ ಮೊದಲ ತಿಂಗಳೇ ಅಷ್ಟಕ್ಕೆ ಹೋಗಬೇಡಿ. ನಾಲಿಗೆ ಕಡಿಮೆ ಉಪ್ಪಿಗೆ ಒಗ್ಗಲು ಕೆಲವು ವಾರ ಬೇಕು.

ಕೊನೆಯದಾಗಿ ಎರಡು ಮಾತು, ಇವು ಡಾಕ್ಟರ ಹತ್ತಿರ ಕೇಳಬೇಕಾದವು. "ಲೋ ಸೋಡಿಯಂ" ಎಂದು ಬರೆದ ಪೊಟ್ಟಣದಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಅಥವಾ ಐಎನ್‌ಎಸ್ 508 ಎಂದಿದ್ದರೆ, ಉಪ್ಪಿನ ಜಾಗಕ್ಕೆ ಪೊಟ್ಯಾಸಿಯಂ ಬಂದಿದೆ ಎಂದರ್ಥ. ಎಲ್ಲರಿಗೂ ಅದು ತೊಂದರೆಯಲ್ಲ. ಆದರೆ ಕಿಡ್ನಿ ದುರ್ಬಲವಾಗಿದ್ದರೆ, ಅಥವಾ ಬಿಪಿಗೆ ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಥರದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತಕ್ಕೆ ಅಪಾಯವಾಗಬಹುದು. ಮಾವನವರ ಮಾತ್ರೆಯ ಚೀಟಿ ತೋರಿಸಿ ಕೇಳಿದ ಮೇಲಷ್ಟೇ ಅಂಥದ್ದನ್ನು ತನ್ನಿ. ಇನ್ನೊಂದು, ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಇರುವ ಹಿರಿಯರಿಗೆ ಉಪ್ಪನ್ನು ಒಮ್ಮೆಲೇ ಪೂರ್ತಿ ಕಡಿದರೆ, ಅದರಲ್ಲೂ ಏಪ್ರಿಲ್–ಮೇ ಬೆವರಿನಲ್ಲಿ, ಸೋಡಿಯಂ ತೀರಾ ಇಳಿಯಬಹುದು. ಎದ್ದಾಗ ತಲೆಸುತ್ತು, ಕಾರಣವಿಲ್ಲದ ಸುಸ್ತು, ಮಾತಿನಲ್ಲಿ ಗೊಂದಲ ಕಂಡರೆ ಕಾಯಬೇಡಿ, ಅದೇ ದಿನ ಡಾಕ್ಟರಿಗೆ ತೋರಿಸಿ.